ಅಪ್‌ಡೇಟ್: ಹೆಲ್ತ್ ಇನ್ಶೂರೆನ್ಸ್ ಕಂತು, ಗ್ರೇಸ್ ಪೀರಿಯಡ್, ರಿವೈವಲ್ ಚಾರ್ಜ್

ನಾನು ಕೇಳಿದ್ದು: "ಅಪ್ಪನ ಹೆಲ್ತ್ ಪಾಲಿಸಿ ತಿಂಗಳ ಕಂತಿಂದು, 5ನೇ ತಾರೀಖು ಆಟೋ ಡೆಬಿಟ್ ಫೇಲ್ ಆಗಿದೆ, ನೋಟಿಸಲ್ಲಿ ಗ್ರೇಸ್ ಲ್ಯಾಪ್ಸ್ ಅಂತೆಲ್ಲ ಇದೆ, ಏಜೆಂಟ್ ರಿವೈವಲ್ ಚಾರ್ಜ್ 1,200 ಅಂತಾರೆ, ಕೊಡ್ಬೇಕಾ?"

ಕೊಡ್ಲಿಲ್ಲ. ನೋಟಿಸ್ ಬಿಟ್ಟು ಪಾಲಿಸಿ ಪುಸ್ತಕದಲ್ಲಿ ಕಂತಿನ ಷರತ್ತು ಓದಿ ಅಂದೋರ ಸಲಹೆನೇ ಕೆಲಸಕ್ಕೆ ಬಂತು. ತಿಂಗಳ ಕಂತಿಗೆ 15 ದಿನ ಗ್ರೇಸ್, ಮೂರು ತಿಂಗಳು, ಆರು ತಿಂಗಳು, ವರ್ಷದ್ದಾದ್ರೆ 30 ದಿನ, ಲೇಟಾದ ಕಂತಿಗೆ ಬಡ್ಡಿ ಇಲ್ಲ ಅಂತ ಅಲ್ಲೇ ಬರ್ದಿದೆ. 17ಕ್ಕೆ ಕಂಪನಿ ವೆಬ್‌ಸೈಟಲ್ಲೇ ಬಾಕಿ ಕಂತು 2,340 ಕಟ್ಟಿದೆ, ರಸೀದಿಲಿ ಬೇರೆ ಒಂದು ಪೈಸೆನೂ ಸೇರಿಲ್ಲ, ಪಾಲಿಸಿ ಆಕ್ಟಿವ್.

"ಲ್ಯಾಪ್ಸ್ ಆದ್ಮೇಲೂ ರಿವೈವ್ ಮಾಡಿಸ್ಬಹುದು ಬಿಡಿ" ಅಂದಿದ್ರಲ್ಲ, ಅದು ಲೈಫ್ ಇನ್ಶೂರೆನ್ಸ್ ಕಥೆ, ನಮ್ಮ ಪಾಲಿಸಿಗೆ ಹೊಂದಲ್ಲ. ಗ್ರೇಸ್ ಮುಗಿದ್ರೆ ಕ್ಯಾನ್ಸಲ್ಲೇ, ಆಮೇಲೆ ಹೊಸ ಪಾಲಿಸಿ ತಗೊಂಡು ಅಪ್ಪನ ಬಿಪಿ ಶುಗರ್‌ಗೆ ವೇಟಿಂಗ್ ಪೀರಿಯಡ್ ಮತ್ತೆ ಮೊದಲಿಂದ ಶುರು ಆಗ್ತಿತ್ತು.

ಗೊತ್ತೇ ಇರದಿದ್ದ ವಿಷ್ಯ ಅಂದ್ರೆ ಕಂತಲ್ಲಿ ಕಟ್ತಿದ್ರೆ ಗ್ರೇಸ್ ದಿನಗಳಲ್ಲೂ ಕವರ್ ಇರತ್ತೆ, ಆದ್ರೆ ವರ್ಷದ್ದು ಒಟ್ಟಿಗೆ ಕಟ್ಟೋರಿಗೆ ಪಾಲಿಸಿ ಮುಗಿದ ದಿನದಿಂದ ದುಡ್ಡು ಕಟ್ಟೋವರೆಗಿನ ಗ್ಯಾಪಲ್ಲಿ ಆಸ್ಪತ್ರೆಗೆ ಸೇರಿದ್ರೆ ಕ್ಲೇಮ್ ಸಿಗಲ್ಲ. ಇನ್ನೊಂದು, ಕ್ಲೇಮ್ ಆದ್ರೆ ಆ ವರ್ಷದ ಉಳಿದ ಕಂತೆಲ್ಲ ಒಟ್ಟಿಗೆ ಕಟ್ಬೇಕಂತೆ, ಇದನ್ನ ಏಜೆಂಟ್ ಬಾಯ್ಬಿಟ್ಟೇ ಇರ್ಲಿಲ್ಲ ನೋಡಿ.