ಅಪ್‌ಡೇಟ್: ಜಾಹೀರಾತು, ನಿರಾಕರಣೆಯ ಇಮೇಲ್ ಎರಡೂ ಸರಿಹೋದವು

ನಾನು ಕೇಳಿದ್ದು: "ಉದ್ಯೋಗದ ಜಾಹೀರಾತು, ನಿರಾಕರಣೆಯ ಇಮೇಲ್ ಎರಡನ್ನೂ ಕನ್ನಡ, ಇಂಗ್ಲಿಷ್‌ಗಳಲ್ಲಿ ಒಂದೇ ಗೌರವದ ಧಾಟಿಯಲ್ಲಿ ಬರೆಯೋದು ಹೇಗೆ?"

ಓದುವವರನ್ನು ಎಲ್ಲ ಕಡೆ ನೇರವಾಗಿ ‘ನೀವು’ ಅನ್ನಿ ಎಂಬ ಸಲಹೆ ಕೆಲಸ ಮಾಡಿತು. ‘ಅಭ್ಯರ್ಥಿಯು ಪದವಿ ಹೊಂದಿರತಕ್ಕದ್ದು’ ಹೋಗಿ ‘ನೀವು ಪದವೀಧರರಾಗಿರಬೇಕು’ ಆಯಿತು. ಇಂಗ್ಲಿಷ್‌ನಲ್ಲೂ ‘ಕ್ಯಾಂಡಿಡೇಟ್’ ಜಾಗಕ್ಕೆ ‘ಯು’ ಬಂತು. ಇಮೇಲ್‌ನಲ್ಲಿ ‘ಅರ್ಜಿ ತಿರಸ್ಕರಿಸಲಾಗಿದೆ’ ಬದಲು ‘ಈ ಹುದ್ದೆಗೆ ನಿಮ್ಮನ್ನು ಆಯ್ಕೆ ಮಾಡಲು ನಮಗೆ ಸಾಧ್ಯವಾಗಲಿಲ್ಲ’ ಎಂದು ಬರೆದೆ. ನಿರ್ಧಾರ ಯಾರದೆಂದು ಅದರಲ್ಲಿ ಸ್ಪಷ್ಟವಾಗಿದೆ.

ಪ್ರತಿ ‘ಪ್ಲೀಸ್’ಗೂ ‘ದಯವಿಟ್ಟು’ ಹಾಕುವ ಸಲಹೆ ಹೊಂದಲಿಲ್ಲ, ಅಂಗಲಾಚಿದ ಹಾಗಾಯಿತು. ‘ಕಳುಹಿಸಿ’ಯಲ್ಲೇ ಮರ್ಯಾದೆ ಇದೆ.

ಅಚ್ಚರಿಯೆಂದರೆ, ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷ್‌ಗೆ ತಂದಾಗ ಇಂಗ್ಲಿಷ್ ಕೂಡ ಮೃದುವಾಯಿತು. ‘ಮುಂದೆ ಖಂಡಿತ ಸಂಪರ್ಕಿಸುತ್ತೇವೆ’ ಎಂಬುದನ್ನು ಎರಡರಲ್ಲೂ ತೆಗೆದೆ. ಪಾಪ, ನಂಬಿ ಕಾಯುತ್ತಾರೆ.