ಪದಚರ್ಚೆ: ಫ್ಯಾನಿನ ‘ಹಮ್’, ಗಾಳಿಯ ‘ನಾಯ್ಸ್’, ಎರಡಕ್ಕೂ ಕನ್ನಡದಲ್ಲಿ ಏನು? (ತುರ್ತು)

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ಜನಪದ ಕಲಾವಿದರ ಸಂದರ್ಶನಗಳನ್ನು ಎಡಿಟ್ ಮಾಡುವ ಹುಡುಗರಿಗಾಗಿ ಒಂದು ಪುಟದ ಸೂಚನೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಸೀಲಿಂಗ್ ಫ್ಯಾನಿನ ಹಮ್, ಬಯಲಿನಲ್ಲಿ ಮೈಕಿಗೆ ಹೊಡೆಯುವ ಗಾಳಿ, ಎರಡಕ್ಕೂ ‘ಗದ್ದಲ’ ಎಂದು ಹಾಕಿದ್ದೆ. ಓದಿದವರಿಗೆ ಸಂತೆ ನೆನಪಾಯಿತಂತೆ. ಬೇರೆ ಪದ ಕೊಡಿ.

ಹಳಗನ್ನಡ ಮೇಷ್ಟ್ರು:
‘ಮೊರೆತ’. ಅಚ್ಚಗನ್ನಡ. ತುಂಬಿ ಮೊರೆಯುತ್ತದೆ, ಕಡಲೂ ಮೊರೆಯುತ್ತದೆ. ಇರುವ ಪದ ಬಿಟ್ಟು ‘ಶಬ್ದ’ದ ಹಿಂದೆ ಹೋಗಬೇಡಿ. ಅದು ಸಂಸ್ಕೃತ. ‘ಸದ್ದು’ ಸಾಕು.

ಎಡಿಟಿಂಗ್ ಟೇಬಲ್:
ಮೇಷ್ಟ್ರೇ, ತೊಂದರೆ ಅಲ್ಲೇ ಇದೆ. ತುಂಬಿಗೂ ಕಡಲಿಗೂ ಒಂದೇ ಪದ ಆದರೆ ಈ ಸೂಚನೆಗೆ ಅದು ಕೆಲಸಕ್ಕೆ ಬಾರದು. ಫ್ಯಾನಿಗೂ ಗಾಳಿಗೂ ಮಾಡುವ ಚಿಕಿತ್ಸೆಯೇ ಬೇರೆ.

ಫ್ಯಾನಿನದು ಒಂದೇ ಸಮನೆ ಇರುವ ಸದ್ದು. ಯಾರೂ ಮಾತಾಡದ, ಫ್ಯಾನ್ ಮಾತ್ರ ಕೇಳುವ ಒಂದೆರಡು ಸೆಕೆಂಡನ್ನು ಆಯ್ದುಕೊಂಡು, ಆಡಾಸಿಟಿ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ `Noise Reduction` ತೆರೆದು `Get Noise Profile` ಒತ್ತಿ ಆ ಸದ್ದಿನ ಮಾದರಿ ಹಿಡಿಯಬೇಕು. ಆಮೇಲೆ ಇಡೀ ಕ್ಲಿಪ್ ಆಯ್ದು ಅದೇ ಎಫೆಕ್ಟನ್ನು ಮತ್ತೆ ತೆರೆಯಬೇಕು. ಸದ್ದು ಎಷ್ಟು ತಗ್ಗಬೇಕೆಂಬುದನ್ನು ನಾನು 8 ಡೆಸಿಬೆಲ್‌ನಿಂದ ಶುರು ಮಾಡುತ್ತೇನೆ, 12 ದಾಟುವುದು ಅಪರೂಪ. ಒಂದೇ ಸಲ 20 ಕೊಟ್ಟರೆ ದನಿ ನೀರೊಳಗಿಂದ ಬಂದಂತೆ ಗುಳುಗುಳು ಅನ್ನುತ್ತದೆ. ನಡುವೆ ಯಾರಾದರೂ ರೆಗ್ಯುಲೇಟರ್ ತಿರುಗಿಸಿದ್ದರೆ ಅಲ್ಲಿಂದ ಮುಂದಕ್ಕೆ ಹೊಸ ಮಾದರಿಯನ್ನೇ ತೆಗೆದುಕೊಳ್ಳಬೇಕು.

ಗಾಳಿ ಹಾಗಲ್ಲ. ಒಂದು ಹೊಡೆತದಂತೆ ಇನ್ನೊಂದು ಇರುವುದಿಲ್ಲ, ಹಾಗಾಗಿ ಮಾದರಿ ಹಿಡಿದು ಪ್ರಯೋಜನವಿಲ್ಲ. ಅದರ ಜೋರೆಲ್ಲ ಕೆಳ ಸ್ಥಾಯಿಯಲ್ಲಿ. `High-Pass Filter` ಹಾಕಿ, ಗಂಡಸರ ದನಿಗೆ 80 ಹರ್ಟ್ಸ್, ಹೆಂಗಸರ ದನಿಗೆ 120ರ ಆಸುಪಾಸು ಇಟ್ಟು, ಅದರ ಕೆಳಗಿನದನ್ನು ಇಳಿಸಬೇಕು. ಅಲೆಯ ತಲೆಯೇ ಚಪ್ಪಟೆಯಾಗಿ ಕತ್ತರಿಸಿಹೋಗಿದ್ದರೆ ಯಾವ ಫಿಲ್ಟರೂ ಕಾಪಾಡದು, ಆ ವಾಕ್ಯ ಬಿಡಿ.

ನನ್ನ ಸಲಹೆ: ‘ಫ್ಯಾನಿನ ಗುಂಯ್’, ‘ಗಾಳಿ ಬಡಿತ’.

ಹಳಗನ್ನಡ ಮೇಷ್ಟ್ರು:
‘ಗುಂಯ್’ ಪದವಲ್ಲ, ಅನುಕರಣೆ.

ಕೊಡಿಯಾಲದವ:
ನಮ್ಮ ಸಭಾಂಗಣದ ಸ್ಪೀಕರಿನಲ್ಲೂ ಹೀಗೇ ಗುಂಯ್ ಅನ್ನುತ್ತಿತ್ತು. ಮಿಕ್ಸರ್ ಮತ್ತು ಆಂಪ್ಲಿಫೈಯರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟ ಮೇಲೆ ನಿಂತಿತು. ಅರ್ಥಿಂಗ್ ನೋಡಿ ಅಕ್ಕ.

ಎಡಿಟಿಂಗ್ ಟೇಬಲ್:
ಅದು ವೈರಿನಲ್ಲಿ ಬರುವ 50 ಹರ್ಟ್ಸ್ ಗುಂಯ್, ಜೊತೆಗೆ 100, 150. ಇಲ್ಲಿರುವುದು ಫ್ಯಾನಿನ ರೆಕ್ಕೆ ಗಾಳಿ ಸೀಳುವ ಸದ್ದು, ಮೈಕೇ ಕೇಳಿಸಿಕೊಂಡದ್ದು. ಅರ್ಥಿಂಗ್ ಸರಿ ಮಾಡಿದರೆ ಹೋಗುವುದಿಲ್ಲ.

ನಿಘಂಟುಪ್ರಿಯ:
ಮೇಷ್ಟ್ರಿಗೆ ಒಂದು ಮಾತು. ‘ಸದ್ದು’ ಅಚ್ಚಗನ್ನಡವಲ್ಲ, ‘ಶಬ್ದ’ದ ತದ್ಭವ. ‘ದನಿ’ಯೂ ಅಷ್ಟೇ, ‘ಧ್ವನಿ’ಯಿಂದ ಬಂದದ್ದು. ಸಂಸ್ಕೃತವನ್ನು ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡು, ಇಂಗ್ಲಿಷಿಗೆ ಮಾತ್ರ ಮುಂಬಾಗಿಲಲ್ಲಿ ತಡೆಯೇಕೆ? ‘ಹಮ್’ ಅಂತಲೇ ಬರೆಯಿರಿ.

ಹಳಗನ್ನಡ ಮೇಷ್ಟ್ರು:
ಸಾವಿರ ವರ್ಷ ನಾಲಗೆಯಲ್ಲಿ ಹೊರಳಿ ಸವೆದದ್ದು ಬೇರೆ, ನಿನ್ನೆ ಪೊಟ್ಟಣದಿಂದ ಬಿಚ್ಚಿದ್ದು ಬೇರೆ. ವಾದ ಮುಗಿಯಿತು.

ನಿಘಂಟುಪ್ರಿಯ:
ನಿಮ್ಮ ಕಡೆಯಿಂದ.

ಅನುವಾದಕಿ:
ದಯವಿಟ್ಟು ಇಬ್ಬರೂ ಸ್ವಲ್ಪ ತಡೆಯಿರಿ. ಮೂಲದಲ್ಲಿ `Residue` ಒತ್ತಿ ಕೇಳಿ ಅಂತ ಇದೆ. ಅದಕ್ಕೆ ‘ಶೇಷ’ ಅನ್ನಲೇ?

ಎಡಿಟಿಂಗ್ ಟೇಬಲ್:
ಗುಂಡಿಯ ಹೆಸರು ಪರದೆಯಲ್ಲಿ ಇರುವಂತೆಯೇ ಇರಲಿ, ಹುಡುಕುವವರಿಗೆ ಸಿಗಬೇಕಲ್ಲ. ಪಕ್ಕದಲ್ಲಿ ‘ತೆಗೆದುಹಾಕಿದ್ದನ್ನು ಕೇಳಿ’ ಅಂತ ಬರೆಯಿರಿ. ಇದು ಮುಖ್ಯ ಹೆಜ್ಜೆ. ಅಲ್ಲಿ ಬರೀ ಗುಂಯ್ ಕೇಳಬೇಕು. ಮಾತಿನ ಚೂರು ಕೇಳಿದರೆ ಅತಿಯಾಗಿದೆ, ಡೆಸಿಬೆಲ್ ಇಳಿಸಿ. ಮೊದಲು ಹೋಗುವುದು ಹಕಾರ, ಆಮೇಲೆ ಸಕಾರ ಶಕಾರ. ಅವೂ ಉಸಿರಿನ ಸದ್ದೇ, ಫ್ಯಾನಿನ ಸದ್ದಿಗೆ ಹತ್ತಿರ. ಅಜ್ಜಿ ‘ಹಾಲು’ ಅಂದದ್ದು ‘ಆಲು’ ಆಗುತ್ತದೆ. ಹಳೇ ಮೈಸೂರಿನ ಕಡೆಯವರಾದರೆ ಅದು ಅವರ ಮಾತೋ ನಮ್ಮ ಕೈವಾಡವೋ ಗೊತ್ತಾಗುವುದೇ ಇಲ್ಲ, ಮೂಲ ಕ್ಲಿಪ್ಪಿನೊಂದಿಗೆ ಹೋಲಿಸಲೇಬೇಕು.

ಇದೆಲ್ಲ ದನಿಯ ಏರಿಳಿತ ಕಡಿಮೆ ಮಾಡುವ ಕಂಪ್ರೆಸರ್ ಹಾಕುವ ಮುಂಚೆ. ಕಂಪ್ರೆಸರ್ ಮೊದಲಾದರೆ ಮಾತಿನ ನಡುವಿನ ಬಿಡುವಿನಲ್ಲಿ ಗುಂಯ್ ಏರಿ, ಮಾತು ಶುರುವಾದಾಗ ಇಳಿಯುತ್ತದೆ. ಆಮೇಲೆ ಒಂದೇ ಮಾದರಿ ಎಲ್ಲ ಕಡೆಗೂ ಹೊಂದುವುದಿಲ್ಲ.

ನಿಘಂಟುಪ್ರಿಯ:
ಹಕಾರ ಹೋಗುವುದಕ್ಕೆ ಸಾಫ್ಟ್‌ವೇರ್ ಬೇಕೇ? ಹಳಗನ್ನಡದ ಪಕಾರವೇ ಹಕಾರವಾದದ್ದು, ಪಾಲು ಹಾಲಾಯಿತು. ಇದರ ಬಗ್ಗೆ ಬೇರೆ ಎಳೆ ತೆರೆಯೋಣ.

ಅನುವಾದಕಿ:
ತೆರೆಯಿರಿ, ನಾಳೆ ಓದುತ್ತೇನೆ. ‘ಫ್ಯಾನಿನ ಗುಂಯ್’, ‘ಗಾಳಿ ಬಡಿತ’ ಹಾಕಿಬಿಟ್ಟೆ. ಇನ್ನು ಒಂದೇ ಬಾಕಿ, ‘ಫೈನಲ್ ಮಿಕ್ಸ್’. ‘ಕೊನೆಯ ಬೆರಕೆ’ ಸರಿಯೇ?

ಎಡಿಟಿಂಗ್ ಟೇಬಲ್:
ಕಲಬೆರಕೆ ಎಣ್ಣೆಯ ಜಾಹೀರಾತು ಆದೀತು. ‘ಮಿಕ್ಸಿಂಗ್’ ಇರಲಿ.

ಹಳಗನ್ನಡ ಮೇಷ್ಟ್ರು:
‘ಕೂಡಿಕೆ’.