ಸೈಟ್ ಕೊಳ್ಳಲು ಕ್ರಯಪತ್ರವೋ, ದಾನಪತ್ರವೋ, ಜಿಪಿಎಯೋ? ಅನುಭವ ಇದ್ದವರು ಹೇಳಿ

ಸೈಟ್ ಹುಡುಕಾಟ: ಮೈಸೂರಿನ ಹೊರಗೆ ಪಂಚಾಯಿತಿ ವ್ಯಾಪ್ತಿಯಲ್ಲಿ 30x40 ಸೈಟ್ ನೋಡಿದ್ದೇನೆ. 18 ಲಕ್ಷ. ಮಾಲೀಕರು ದುಬೈನಲ್ಲಿದ್ದಾರೆ, ಅವರ ಪರವಾಗಿ ವ್ಯವಹರಿಸಲು ಬರೆದುಕೊಟ್ಟ ಅಧಿಕಾರ ಪತ್ರ, ಅಂದರೆ ಜಿಪಿಎ, ಭಾಮೈದನ ಹತ್ತಿರ ಇದೆಯಂತೆ. ಬ್ರೋಕರ್ ಮೂರು ದಾರಿ ಹೇಳುತ್ತಿದ್ದಾನೆ. ಸೇಲ್ ಡೀಡ್ ಮಾಡಿಸಬಹುದು, ಖರ್ಚು ಉಳಿಸಲು ಗಿಫ್ಟ್ ಡೀಡ್ ಮಾಡಬಹುದು, ಇಲ್ಲಾಂದ್ರೆ ಈಗ ನನ್ನ ಹೆಸರಿಗೆ ಜಿಪಿಎ ಮತ್ತು ಅಗ್ರಿಮೆಂಟ್, ನೋಂದಣಿ ಆಮೇಲೆ. ಏನು ವ್ಯತ್ಯಾಸ?

ರಸಬಾಳೆ: ಜಿಪಿಎ ಅಂದ ಕೂಡಲೇ ಎದ್ದು ಬನ್ನಿ. 2011ರಲ್ಲೇ ಸುಪ್ರೀಂ ಕೋರ್ಟ್ ಜಿಪಿಎ ವ್ಯವಹಾರ ಪೂರ್ತಿ ರದ್ದು ಮಾಡಿದೆ. ಭಾಮೈದ ಸೈನ್ ಹಾಕಿದ ಯಾವ ಪತ್ರಕ್ಕೂ ಬೆಲೆ ಇಲ್ಲ.

ಹಳೇ ಪತ್ರ ಬರಹಗಾರ: ರಸಬಾಳೆಯವರು ಹೇಳಿದ್ದು ಅರ್ಧ ಸರಿ. 2011ರ ಆ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಜಿಪಿಎ, ಅಗ್ರಿಮೆಂಟ್, ವಿಲ್ ಈ ಮೂರನ್ನು ಕೈಗಿಟ್ಟು ಮಾರಿದರೆ ಮಾಲೀಕತ್ವ ಬದಲಾಗುವುದಿಲ್ಲ. ಆದರೆ ಮಾಲೀಕರ ಪರವಾಗಿ ಜಿಪಿಎ ಹೊಂದಿದವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಕ್ರಯಪತ್ರಕ್ಕೆ ಸಹಿ ಹಾಕುವುದನ್ನು ಕೋರ್ಟ್ ತಪ್ಪು ಅಂದಿಲ್ಲ. ಅದು ಇವತ್ತಿಗೂ ನಡೆಯುತ್ತದೆ. ಹೊರದೇಶದಲ್ಲಿ ಇರುವವರು ಬೇರೇನು ಮಾಡುತ್ತಾರೆ ಹೇಳಿ.

ನಿಮ್ಮ ಬ್ರೋಕರ್ ಈ ಎರಡನ್ನೂ ಒಂದೇ ಮಾತಿನಲ್ಲಿ ಕಲಸಿ ಹೇಳುತ್ತಿದ್ದಾನೆ. ಮಾಲೀಕ ಭಾಮೈದನಿಗೆ ಕೊಟ್ಟ ಜಿಪಿಎ ಬರೀ ಅವರ ಪರವಾಗಿ ಕೆಲಸ ಮಾಡಲು ಕೊಟ್ಟ ಒಪ್ಪಿಗೆ. ಭಾಮೈದ ಅದನ್ನು ಬಳಸಿ ನಿಮಗೆ ಕ್ರಯ ಮಾಡಿಕೊಟ್ಟರೆ ಸೈಟ್ ನಿಮ್ಮದು. ಅದರ ಬದಲು ನಿಮ್ಮ ಹೆಸರಿಗೇ ಇನ್ನೊಂದು ಜಿಪಿಎ ಬರೆದುಕೊಟ್ಟರೆ, 18 ಲಕ್ಷ ಕೊಟ್ಟ ಮೇಲೂ ಸೈಟ್ ದುಬೈನವರದ್ದೇ. ನೀವು ಅವರ ಏಜೆಂಟ್ ಅಷ್ಟೆ. ಅದೂ ಬೇರೆಯವರಿಗೆ ಅಧಿಕಾರ ದಾಟಿಸಲು ಭಾಮೈದನಿಗೆ ಹಕ್ಕಿದೆ ಅಂತ ಮೂಲ ಪತ್ರದಲ್ಲಿ ಬರೆದಿದ್ದರೆ ಮಾತ್ರ. ಬರೆದಿಲ್ಲದಿದ್ದರೆ ಏಜೆಂಟ್ ಕೂಡ ಅಲ್ಲ.

ಶಿವಮೊಗ್ಗದ ಅಕ್ಕ: ಗಿಫ್ಟ್ ಡೀಡೇ ಒಳ್ಳೇದಪ್ಪ. ನಮ್ಮಪ್ಪ ನನಗೆ ಸೈಟ್ ಬರೆದುಕೊಟ್ಟಾಗ ಎಲ್ಲ ಸೇರಿ ಕೆಲವು ಸಾವಿರದಲ್ಲಿ ಮುಗಿಯಿತು. ಸುಮ್ನೆ ಲಕ್ಷ ಯಾಕೆ ಕಟ್ಟುತ್ತೀರಿ?

ಹಳೇ ಪತ್ರ ಬರಹಗಾರ: ಅಕ್ಕಾ, ನಿಮ್ಮದು ಅಪ್ಪ ಮಗಳ ವ್ಯವಹಾರ. ಆ ರಿಯಾಯಿತಿ ಹತ್ತಿರದ ಸಂಬಂಧಿಕರಿಗೆ ಮಾತ್ರ. ಇವರು ಹೊರಗಿನವರು. ಹೊರಗಿನವರಿಗೆ ದಾನ ಕೊಟ್ಟರೂ ಸ್ಟ್ಯಾಂಪ್ ಡ್ಯೂಟಿ ಕ್ರಯದಷ್ಟೇ ಬೀಳುತ್ತದೆ. ಮೇಲೆ ಇನ್‌ಕಮ್ ಟ್ಯಾಕ್ಸ್ ಬೇರೆ. ಸಂಬಂಧಿಕರಲ್ಲದವರಿಂದ 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಆಸ್ತಿ ದಾನವಾಗಿ ಬಂದರೆ ಅದನ್ನು ನಿಮ್ಮ ಆದಾಯ ಅಂತ ಲೆಕ್ಕ ಹಾಕುತ್ತಾರೆ.

ನನಗೆ ಜಾಸ್ತಿ ಭಯ ಇರುವುದು ಬೇರೆ ಕಡೆ. ದಾನಪತ್ರದಲ್ಲಿ ಪ್ರೀತಿ ವಿಶ್ವಾಸದಿಂದ ಕೊಟ್ಟೆ ಅಂತ ಬರೆದಿರುತ್ತದೆ, ಹಣದ ಮಾತೇ ಇರುವುದಿಲ್ಲ. ನಾಳೆ ಮಾಲೀಕರ ತಂಗಿ ಬಂದು ಈ ಸೈಟಿನಲ್ಲಿ ನನಗೂ ಪಾಲಿದೆ ಅಂತ ದಾವೆ ಹಾಕಿದರೆ, ಕ್ರಯಪತ್ರ ಇದ್ದವರು ಹಣ ವಾಪಸ್ ಕೊಡಿ, ನಷ್ಟ ತುಂಬಿಕೊಡಿ ಅಂತ ಕೇಳಬಹುದು. ಆ ಭರವಸೆ ಪತ್ರದಲ್ಲೇ ಬರೆದಿರುತ್ತದೆ. ದಾನಪತ್ರ ಇದ್ದವರು ಯಾವ ಹಣ ಕೇಳುತ್ತಾರೆ? ಇನ್ನು ಮಾರುವ ಅಧಿಕಾರ ಇರುವ ಜಿಪಿಎಯಲ್ಲಿ ದಾನ ಕೊಡುವ ಅಧಿಕಾರ ತಾನಾಗಿ ಸೇರಿರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಬರೆದಿರಬೇಕು.

ಕ್ರಯದ ಲೆಕ್ಕ ಹೀಗೆ. ಪಂಚಾಯಿತಿ ಸೈಟಿಗೆ ಡ್ಯೂಟಿ ಶೇ. 5, ಸೆಸ್ಸು ಸರ್‌ಚಾರ್ಜು ಸೇರಿ ಶೇ. 5.65. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2. 18 ಲಕ್ಷಕ್ಕೆ ಒಟ್ಟು ₹1,37,700. ಸರ್ಕಾರದ ಮಾರ್ಗಸೂಚಿ ಬೆಲೆ 18 ಲಕ್ಷಕ್ಕಿಂತ ಜಾಸ್ತಿ ಇದ್ದರೆ ಅದರ ಮೇಲೆ ಲೆಕ್ಕ.

ರೆವೆನ್ಯೂ ಸೈಟ್ ಸಂತ್ರಸ್ತ: ನನ್ನ ಕಥೆ ಕೇಳಿ. 2006ರಲ್ಲಿ ಬೆಂಗಳೂರಿನ ಹೊರಗೆ ಸೈಟ್ ತಗೊಂಡೆ. ಭೂಪರಿವರ್ತನೆ ಆಗಿರಲಿಲ್ಲ. ಅದಕ್ಕೇ ಜಿಪಿಎ, ಅಗ್ರಿಮೆಂಟ್. ಪೂರ್ತಿ ಹಣ ಕೊಟ್ಟೆ, ಕಾಂಪೌಂಡ್ ಹಾಕಿದೆ. ಆಮೇಲೆ ಮಾಲೀಕರು ತೀರಿಕೊಂಡರು. ಈಗ ಮಗ ಇವತ್ತಿನ ಬೆಲೆಯ ಅರ್ಧ ಕೊಟ್ಟರೆ ಸಹಿ ಹಾಕುತ್ತೇನೆ ಅನ್ನುತ್ತಾನೆ. ಅವನು ಸೈಟಿಗೆ ಕಾಲಿಟ್ಟವನೇ ಅಲ್ಲ!

ಕರಿಕೋಟು: ನಾನು ಕಾನೂನು ಓದುತ್ತಿದ್ದೇನೆ. ಮಾಲೀಕರು ಸತ್ತರೆ ಜಿಪಿಎ ಸಾಯುತ್ತದೆ, ನಿಜ. ಆದರೆ ಹಣ ಪಡೆದು ಕೊಟ್ಟ ಜಿಪಿಎ ಸಾಯುವುದಿಲ್ಲ. ಕರಾರು ಕಾಯ್ದೆಯ 202ನೇ ಕಲಂ ನೋಡಿ. ನಿಮ್ಮದು ಗಟ್ಟಿ ಇದೆ ಸರ್, ಮಗನಿಗೆ ಕೊಡಬೇಡಿ.

ಹಳೇ ಪತ್ರ ಬರಹಗಾರ: ಕಲಂ ಇರುವುದು ನಿಜ ತಮ್ಮಾ. ಆದರೆ ಆ ವಾದ ಗೆದ್ದರೂ ಜಿಪಿಎ ಉಳಿಯುತ್ತದೆ, ಮಾಲೀಕತ್ವ ಬರುವುದಿಲ್ಲ. ಸತ್ತವರ ಹೆಸರಿನಲ್ಲಿ ಕ್ರಯ ಮಾಡಲು ಹೋದರೆ ಸಬ್ ರಿಜಿಸ್ಟ್ರಾರ್ ಒಪ್ಪುವುದು ಕಷ್ಟ. ಅಗ್ರಿಮೆಂಟ್ ಮೇಲೆ ಕ್ರಯ ಮಾಡಿಕೊಡಿ ಅಂತ ದಾವೆ ಹಾಕಲು ಮೂರು ವರ್ಷದ ಗಡುವು. ಅದು ಯಾವ ದಿನದಿಂದ ಶುರು ಅನ್ನುವುದರಲ್ಲೇ ಜಗಳ ಇರುತ್ತದೆ. ಅಗ್ರಿಮೆಂಟಿನಲ್ಲಿ ದಿನಾಂಕ ಹಾಕಿದ್ದರೆ ಆ ದಿನದಿಂದ, ಹಾಕಿಲ್ಲದಿದ್ದರೆ ಮಗ ಆಗಲ್ಲ ಅಂದದ್ದು ನಿಮಗೆ ಗೊತ್ತಾದ ದಿನದಿಂದ. ಸಂತ್ರಸ್ತರೇ, ಅಗ್ರಿಮೆಂಟ್ ಹಿಡಿದು ಒಬ್ಬ ಸಿವಿಲ್ ವಕೀಲರ ಹತ್ತಿರ ಈ ವಾರವೇ ಹೋಗಿ.

ರೆವೆನ್ಯೂ ಸೈಟ್ ಸಂತ್ರಸ್ತ: ಒಬ್ಬರು ದಾವೆ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ರಾಜಿ ಮಾಡಿಕೊಳ್ಳಿ ಅನ್ನುತ್ತಾರೆ. ಯಾರನ್ನು ನಂಬೋದು?

ರಸಬಾಳೆ: ಸೈಟ್ ಹುಡುಕಾಟದವರು ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿದರೆ ಸಾಕು ಅಲ್ವಾ? ಭಾಮೈದ ಇನ್ನೊಬ್ಬರಿಗೆ ಜಿಪಿಎ ಕೊಟ್ಟಿದ್ದರೆ ಅದರಲ್ಲೇ ಗೊತ್ತಾಗುತ್ತೆ.

ಹಳೇ ಪತ್ರ ಬರಹಗಾರ: ಗೊತ್ತಾಗಲ್ಲ. ಇಸಿ ತಯಾರಾಗುವುದು ನೋಂದಣಿಯ ಒಂದನೇ ಪುಸ್ತಕದಿಂದ. ಕ್ರಯ, ದಾನ, ಅಡಮಾನ ಅಲ್ಲಿರುತ್ತವೆ. ಜಿಪಿಎ ನೋಂದಣಿಯಾದರೆ ಹೋಗುವುದು ನಾಲ್ಕನೇ ಪುಸ್ತಕಕ್ಕೆ. ಅದನ್ನು ಹೊರಗಿನವರಿಗೆ ತೋರಿಸುವುದಿಲ್ಲ, ನಕಲು ಸಿಗುವುದು ಬರೆದುಕೊಟ್ಟವರಿಗೆ, ಬರೆಸಿಕೊಂಡವರಿಗೆ. ಆದ್ದರಿಂದ ಇಸಿ ನಿಲ್ ಬಂದರೂ ಅದೇ ಸೈಟಿನ ಮೇಲೆ ಎರಡು ಜಿಪಿಎ ಓಡಾಡುತ್ತಿರಬಹುದು. ದೃಢೀಕೃತ ನಕಲನ್ನು ಮಾಲೀಕರ ಕೈಯಲ್ಲೇ ತರಿಸಿ. ವಾಟ್ಸಾಪ್ ಫೋಟೋ ನಂಬಬೇಡಿ.

ಸೈಟ್ ಹುಡುಕಾಟ: ಜಿಪಿಎ ಪ್ರತಿ ಸಿಕ್ಕಿತು. ದುಬೈನವರು ಊರಿಗೆ ಬಂದಿದ್ದಾಗ ಬರೀ ನೋಟರಿ ಮಾಡಿಸಿದ್ದು. ಸೈಟ್ ನೋಡಿಕೊಳ್ಳಲು, ಕಂದಾಯ ಕಟ್ಟಲು, ಖಾತೆ ಕೆಲಸಕ್ಕೆ, ಕೋರ್ಟ್ ಕೇಸ್ ಬಂದರೆ ಹಾಜರಾಗಲು ಅಂತಿದೆ. ಕೊನೆಯಲ್ಲಿ ‘ಮತ್ತು ಇದಕ್ಕೆ ಸಂಬಂಧಿಸಿದ ಎಲ್ಲ ಕೆಲಸಗಳು’ ಅಂತ ಒಂದು ಸಾಲು. ಇದರಲ್ಲಿ ಮಾರಾಟವೂ ಬಂತು ಅನ್ನುತ್ತಾನೆ ಬ್ರೋಕರ್.

ಹಳೇ ಪತ್ರ ಬರಹಗಾರ: ಬರಲಿಲ್ಲ. ಮಾರಲು, ಹಣ ಪಡೆಯಲು, ನೋಂದಣಿ ಮಾಡಿಕೊಡಲು ಅಂತ ಬಿಡಿಸಿ ಬರೆದಿರಬೇಕು. ಕೊನೆಯ ಸಾಲು ಮೇಲೆ ಹೇಳಿದ ಕೆಲಸಗಳಿಗೆ ಮಾತ್ರ ಅಂತ ಕೋರ್ಟ್ ಓದುತ್ತದೆ. ಈ ಪತ್ರದ ಮೇಲೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ಮಾಲೀಕರು ದುಬೈನ ಭಾರತೀಯ ಕಾನ್ಸುಲೇಟಿನಲ್ಲಿ ಈ ಒಂದು ಸೈಟಿಗೆ ಮಾತ್ರ, ಮಾರುವ ಅಧಿಕಾರ ಬರೆದು ಹೊಸದು ಮಾಡಿಸಿ ಕಳಿಸಲಿ. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಹಾಕಿಸಬೇಕು. ನೋಂದಣಿ ದಿನ ಮಾಲೀಕರಿಗೆ ವಿಡಿಯೋ ಕಾಲ್ ಮಾಡಿ. ಅವರು ಬದುಕಿದ್ದಾರೆ, ಅಧಿಕಾರ ವಾಪಸ್ ತಗೊಂಡಿಲ್ಲ ಅಂತ ಅವರ ಬಾಯಲ್ಲೇ ಕೇಳಿ. ಹಣ ಅವರ ಖಾತೆಗೇ ಹೋಗಲಿ, ಭಾಮೈದನ ಖಾತೆಗೆ ಬೇಡ. ಇ-ಖಾತಾ ಯಾರ ಹೆಸರಲ್ಲಿದೆ ನೋಡಿದಿರಾ? ಅದಿಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ.

ಸೈಟ್ ಹುಡುಕಾಟ: ಇ-ಖಾತಾ ದುಬೈನವರ ಹೆಸರಲ್ಲೇ ಇದೆ. ಹೊಸ ಜಿಪಿಎ ಕೇಳಿದ್ದಕ್ಕೆ ಬ್ರೋಕರ್ ಮುಖ ಸಣ್ಣಗಾಯಿತು. ಮಾಲೀಕರ ನಂಬರ್ ಕೊಡಲು ಹಿಂದೆಮುಂದೆ ನೋಡುತ್ತಿದ್ದಾನೆ.

ಕರಿಕೋಟು: ಇನ್ನೊಂದು ಮರೆಯಬೇಡಿ. ಮಾಲೀಕರು ಎನ್‌ಆರ್‌ಐ. 50 ಲಕ್ಷದ ಒಳಗೆ ಟಿಡಿಎಸ್ ಇಲ್ಲ ಅನ್ನುವುದು ಇಲ್ಲಿ ವಾಸ ಇರುವವರಿಂದ ಕೊಂಡರೆ ಮಾತ್ರ. ನಿಮ್ಮ 18 ಲಕ್ಷಕ್ಕೂ ಹಿಡಿಯಬೇಕು, ಹಿಡಿಯದಿದ್ದರೆ ಇಲಾಖೆ ಕೇಳುವುದು ನಿಮ್ಮನ್ನೇ. ಹಣ ಕೊಡುವ ಮೊದಲು ಆಡಿಟರ್ ಹತ್ತಿರ ಹೋಗಿ ಬನ್ನಿ.